ಓದುವಾಗ ಮೊಬೈಲ್ ಎಲ್ಲಿರಬೇಕು?

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗುಬ್ಬಿಯಿಂದ ತಾಯಿಯೊಬ್ಬರು ತಮ್ಮ ಮಗಳನ್ನು ತುಮಕೂರಿನ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ಹುಡುಗಿ ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಸಂಜೆಯಾದರೆ ತಲೆನೋವು, ಕಣ್ಣುರಿ, ರಾತ್ರಿ ಬೇಗ ನಿದ್ದೆ ಬರುವುದಿಲ್ಲ ಎಂಬುದು ದೂರು. ಪರೀಕ್ಷಿಸಿ ನೋಡಿದೆ. ರಕ್ತದೊತ್ತಡ ಸರಿಯಾಗಿತ್ತು, ರಕ್ತಹೀನತೆ ಇರಲಿಲ್ಲ. ಕನ್ನಡಕದ ಅಗತ್ಯವಿಲ್ಲವೆಂದು ಕಣ್ಣಿನ ವೈದ್ಯರು ಆಗಲೇ ಹೇಳಿದ್ದರು.

"ಓದುವಾಗ ಮೊಬೈಲ್ ಎಲ್ಲಿರುತ್ತಮ್ಮಾ?" ಎಂದು ಕೇಳಿದೆ.

"ಪಕ್ಕದಲ್ಲೇ ಇರುತ್ತೆ ಡಾಕ್ಟ್ರೇ. ಆದ್ರೆ ಮಕಾಡೆ ಮಲಗಿಸಿರ್ತೀನಿ, ಸೌಂಡೂ ಆಫ್ ಮಾಡಿರ್ತೀನಿ" ಎಂದಳು.

ತಾಯಿ ಸುಮ್ಮನಿರಲಿಲ್ಲ. "ಇವಳಿಗೆ ಮನಸ್ಸು ಗಟ್ಟಿ ಇಲ್ಲ ಡಾಕ್ಟ್ರೇ. ನಾವು ಹೇಳಿ ಹೇಳಿ ಸಾಕಾಯ್ತು. ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ" ಎಂದರು.

ಬುದ್ಧಿ ಹೇಳುವುದು ಸುಲಭ. ಅದಕ್ಕೆ ಖರ್ಚೂ ಇಲ್ಲ. ಆದರೆ ಆ ಮನೆಯಲ್ಲಿ ಅದು ಆಗಲೇ ಸಾಕಷ್ಟು ನಡೆದಿತ್ತು, ಫಲ ಕಂಡಿರಲಿಲ್ಲ. ಆದ್ದರಿಂದ ನಾನು ಬೇರೆ ಕೆಲಸ ಹೇಳಿದೆ. ಮೂರು ದಿನ ಏನನ್ನೂ ಬದಲಿಸಬೇಡ, ಎಂದಿನಂತೆಯೇ ಓದು. ಪುಸ್ತಕದ ಪಕ್ಕ ಒಂದು ಹಾಳೆ ಇಟ್ಟುಕೊಂಡು, ಮೊಬೈಲನ್ನು ಮುಟ್ಟಿದಾಗಲೆಲ್ಲ ಒಂದು ಗೀಟು ಹಾಕು. ಯಾಕೆ ಮುಟ್ಟಿದೆ ಎಂಬುದನ್ನು ಎರಡು ಮಾತಿನಲ್ಲಿ ಬರೆ. ಅಮ್ಮ ಆ ಹಾಳೆಯನ್ನು ನೋಡಬಾರದು, ಬೈಯಬಾರದು. ಇಷ್ಟೇ ನನ್ನ ಚೀಟಿ.

ವಾರ ಕಳೆದ ಮೇಲೆ ಹಾಳೆ ಬಂತು. ಹುಡುಗಿ ಓದಲು ಕೂರುತ್ತಿದ್ದುದು ಸಂಜೆ 7ರಿಂದ ರಾತ್ರಿ 10ರವರೆಗೆ. ಮೊದಲ ದಿನ 31 ಗೀಟು, ಎರಡನೆಯ ದಿನ 26, ಮೂರನೆಯ ದಿನ 30. ಒಟ್ಟು 87. ಅಂದರೆ ಹೆಚ್ಚು ಕಡಿಮೆ ಆರು ನಿಮಿಷಕ್ಕೊಮ್ಮೆ ಕೈ ಪುಸ್ತಕದಿಂದ ಮೊಬೈಲಿಗೆ ಹೋಗಿದೆ. ಲೆಕ್ಕ ನೋಡಿ ಹುಡುಗಿಯೇ ಬೆರಗಾಗಿದ್ದಳು. ಏಳೆಂಟು ಸಲ ಇರಬಹುದು ಎಂದು ಅವಳ ಅಂದಾಜಿತ್ತು.

ಆದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಸಂಖ್ಯೆಯಲ್ಲ, ಪಕ್ಕದಲ್ಲಿ ಬರೆದಿದ್ದ ಕಾರಣಗಳು. 87ರಲ್ಲಿ 12 ಸಲ ಮಾತ್ರ ಮೊಬೈಲ್ ತಾನಾಗಿ ಕರೆದಿತ್ತು: ಕರೆ ಬಂದದ್ದು, ಪರದೆ ಬೆಳಗಿದ್ದು, ಮೇಜು ನಡುಗಿದ್ದು. 34 ಸಲ ಅವಳಿಗೆ ನಿಜವಾಗಿಯೂ ಏನೋ ಬೇಕಾಗಿತ್ತು: ಗಂಟೆ ಎಷ್ಟು ಎಂದು ನೋಡಲು, ಗೆಳತಿ ಕಳಿಸಿದ್ದ ನೋಟ್ಸಿನ ಚಿತ್ರ ತೆರೆಯಲು, ಇಂಗ್ಲಿಷ್ ಪದದ ಅರ್ಥ ಹುಡುಕಲು, ಗುಣಾಕಾರ ಭಾಗಾಕಾರಕ್ಕೆ. ಉಳಿದ 41 ಸಲ ಕಾರಣವೇ ಇಲ್ಲ. "ಲೆಕ್ಕ ಬರ್ಲಿಲ್ಲ", "ಬೇಜಾರು", "ಸುಮ್ನೆ" ಎಂದು ಬರೆದಿದ್ದಳು.

ಓದುಗರು ಈ ಮೂರು ಗುಂಪುಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಒಂದೊಂದಕ್ಕೂ ಪರಿಹಾರ ಬೇರೆ. ಮೊಬೈಲಿನ ಸದ್ದು ನಿಲ್ಲಿಸಿದರೆ ಮೊದಲನೆಯ ಗುಂಪು ಮಾತ್ರ ಕಡಿಮೆಯಾಗುತ್ತದೆ, ಅದು ಎಲ್ಲಕ್ಕಿಂತ ಚಿಕ್ಕದು. ಎರಡನೆಯ ಗುಂಪಿಗೆ ಮನೋಬಲದ ಸಂಬಂಧವೇ ಇಲ್ಲ. ಗಂಟೆ ನೋಡಲು ಮೊಬೈಲ್ ಎತ್ತಿದವಳ ಕಣ್ಣಿಗೆ ನಾಲ್ಕು ಸಂದೇಶ ಬಿದ್ದರೆ ಅದು ಅವಳ ತಪ್ಪಲ್ಲ, ಗೋಡೆಯ ಮೇಲೆ ಗಡಿಯಾರವಿಲ್ಲದ್ದು ತಪ್ಪು. ಮೂರನೆಯ ಗುಂಪೇ ದೊಡ್ಡದು. ಕಷ್ಟದ ಲೆಕ್ಕವೊಂದು ಎದುರಾದಾಗ ಮನಸ್ಸು ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತದೆ. ಆ ದಾರಿ ಕೈಯಳತೆಯಲ್ಲಿ, ಒಂದು ಗೇಣು ದೂರದಲ್ಲಿ ಇದೆ.

ಮನಸ್ಸು ಗಟ್ಟಿ ಮಾಡು ಎಂದರೆ ಏನಾಗುತ್ತದೆ?

ಎದುರಿಗಿರುವ ವಸ್ತುವನ್ನು ಮುಟ್ಟದೆ ಇರುವುದೂ ಒಂದು ಕೆಲಸವೇ. ಆ ಕೆಲಸವನ್ನು ಮಾಡುವುದು ಓದುವ ಮನಸ್ಸೇ. ಒಮ್ಮೆ ತಡೆದರೆ ಮುಗಿಯಿತು ಎಂದೂ ಇಲ್ಲ. ಐದು ನಿಮಿಷಕ್ಕೆ ಮತ್ತೆ ತಡೆಯಬೇಕು, ಮತ್ತೆ ಹತ್ತು ನಿಮಿಷಕ್ಕೆ. ಮೂರು ಗಂಟೆಯಲ್ಲಿ ಮೂವತ್ತು ಸಲ ಗೆದ್ದ ಹುಡುಗಿಗೆ ಲೆಕ್ಕ ಮಾಡಲು ಉಳಿಯುವ ಶಕ್ತಿ ಎಷ್ಟು?

ಇದನ್ನು ತೋರಿಸುವ ಹಳೆಯ ಪ್ರಯೋಗವೊಂದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು 1970ರ ಆಸುಪಾಸಿನಲ್ಲಿ ಪುಟ್ಟ ಮಕ್ಕಳ ಮುಂದೆ ತಿಂಡಿಯ ಆಸೆ ಒಡ್ಡಿದರು. ಈಗಲೇ ಬೇಕೆಂದರೆ ಕಡಿಮೆ, ಸ್ವಲ್ಪ ಹೊತ್ತು ಕಾದರೆ ಹೆಚ್ಚು ಎಂಬುದು ಷರತ್ತು. ತಾಳ್ಮೆಯುಳ್ಳ ಮಕ್ಕಳು ಮುಂದೆ ಜೀವನದಲ್ಲಿ ಗೆಲ್ಲುತ್ತಾರೆ ಎಂದು ಈ ಪ್ರಯೋಗದ ಕಥೆಯನ್ನು ಹೇಳುವುದುಂಟು. ಆದರೆ ಅದರಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಾರದ ಇನ್ನೊಂದು ಅಂಶವಿದೆ. ತಿಂಡಿ ಕಣ್ಣೆದುರೇ ಇದ್ದಾಗ ಮಕ್ಕಳು ಹೆಚ್ಚು ಹೊತ್ತು ಕಾಯಲಾರದೆ ಹೋದರು. ತಿಂಡಿಯನ್ನು ಮರೆಯಲ್ಲಿಟ್ಟಾಗ ಅದೇ ವಯಸ್ಸಿನ ಮಕ್ಕಳು ಎಷ್ಟೋ ಹೆಚ್ಚು ಹೊತ್ತು ಕಾದರು. ಮಕ್ಕಳ ಸ್ವಭಾವ ಬದಲಾಗಿರಲಿಲ್ಲ, ತಟ್ಟೆಯ ಜಾಗ ಬದಲಾಗಿತ್ತು.

ಮೊಬೈಲಿನ ಮೇಲೆಯೇ ನಡೆದ ಅಧ್ಯಯನವೂ ಉಂಟು. 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಸುಮಾರು 800 ಜನರಿಗೆ ಏಕಾಗ್ರತೆ ಬೇಡುವ ಪರೀಕ್ಷೆ ಕೊಟ್ಟರು. ಕೆಲವರ ಮೊಬೈಲ್ ಮೇಜಿನ ಮೇಲೆ, ಕೆಲವರದು ಜೇಬು ಅಥವಾ ಚೀಲದಲ್ಲಿ, ಇನ್ನು ಕೆಲವರದು ಬೇರೆ ಕೋಣೆಯಲ್ಲಿ. ಎಲ್ಲವೂ ಸದ್ದಿಲ್ಲದಂತೆ ಇದ್ದವು. ಬೇರೆ ಕೋಣೆಯಲ್ಲಿ ಬಿಟ್ಟವರು ಮೇಜಿನ ಮೇಲಿಟ್ಟುಕೊಂಡವರಿಗಿಂತ ಚೆನ್ನಾಗಿ ಮಾಡಿದರು. ಆಮೇಲೆ ಬೇರೆಯವರು ಇದನ್ನು ಮತ್ತೆ ಮಾಡಿ ನೋಡಿದಾಗ ಎಲ್ಲ ಕಡೆಯೂ ಇದೇ ಫಲಿತಾಂಶ ಸಿಕ್ಕಲಿಲ್ಲ ಎಂಬುದನ್ನೂ ಹೇಳಬೇಕು. ಮುಟ್ಟದೆ ಸುಮ್ಮನೆ ಪಕ್ಕದಲ್ಲಿದ್ದರೂ ಮೊಬೈಲ್ ಬುದ್ಧಿಯನ್ನು ಕುಂದಿಸುತ್ತದೆಯೇ ಎಂಬ ಚರ್ಚೆ ವಿದ್ವಾಂಸರಿಗಿರಲಿ. ಗುಬ್ಬಿಯ ಹುಡುಗಿ ಅದನ್ನು ಮುಟ್ಟದೆ ಬಿಟ್ಟಿರಲಿಲ್ಲ ಎಂಬುದಕ್ಕೆ 87 ಗೀಟುಗಳ ಸಾಕ್ಷಿ ನಮ್ಮ ಮುಂದಿದೆ.

ವೈದ್ಯರಿಗೆ ಈ ವಿಚಾರ ಹೊಸದಲ್ಲ. ಡೆಂಗೆ ಬಂದ ಬೀದಿಯಲ್ಲಿ ನಾವು ಸೊಳ್ಳೆ ಕಡಿತವನ್ನು ತಾಳಿಕೊಳ್ಳಿ ಎಂದು ಹೇಳುವುದಿಲ್ಲ. ಹಿತ್ತಲಲ್ಲಿ ಬಿದ್ದ ತೆಂಗಿನ ಚಿಪ್ಪು ಮಗುಚಿ ಹಾಕಿ, ತೊಟ್ಟಿಯ ನೀರು ಚೆಲ್ಲಿ ಎನ್ನುತ್ತೇವೆ. ರಕ್ತದೊತ್ತಡದವರಿಗೆ ಉಪ್ಪನ್ನು ನೋಡಿ ಮನಸ್ಸು ಬಿಗಿ ಹಿಡಿಯಿರಿ ಎನ್ನುವ ಬದಲು, ಊಟಕ್ಕೆ ಕೂತಾಗ ಉಪ್ಪಿನ ಬಟ್ಟಲನ್ನು ಪಕ್ಕದಲ್ಲಿ ಇಡಬೇಡಿ ಎಂದು ಮನೆಯವರಿಗೆ ಹೇಳುತ್ತೇವೆ. ಓದುವ ಮಕ್ಕಳ ವಿಷಯದಲ್ಲಿ ಮಾತ್ರ ಬಟ್ಟಲನ್ನು ಪಕ್ಕದಲ್ಲೇ ಇಟ್ಟು ಉಪದೇಶ ಮಾಡುತ್ತೇವೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಗುಬ್ಬಿಯ ಮನೆಯಲ್ಲಿ ಮಾಡಿದ್ದೇನು?

ಮೊಬೈಲನ್ನು ದೂರವಿಡುವ ಮುಂಚೆ ಅದು ಮಾಡುತ್ತಿದ್ದ ಕೆಲಸಗಳನ್ನು ಬೇರೆಯವಕ್ಕೆ ಒಪ್ಪಿಸಬೇಕು. ಈ ಹೆಜ್ಜೆಯನ್ನು ಬಿಟ್ಟವರು ಎರಡೇ ದಿನಕ್ಕೆ ಸೋಲುತ್ತಾರೆ, ಏಕೆಂದರೆ ಮಗುವಿಗೆ ಮೊಬೈಲ್ ತರಲು ಪ್ರಾಮಾಣಿಕವಾದ ಕಾರಣ ಪ್ರತಿ ಗಂಟೆಗೂ ಸಿಗುತ್ತದೆ. ಗುಬ್ಬಿಯ ಮನೆಯವರು ಮೇಜಿನ ಎದುರಿನ ಗೋಡೆಗೆ ಒಂದು ಗಡಿಯಾರ ಹಾಕಿದರು. ಬೆಳಿಗ್ಗೆ ಏಳಲು ಅಲಾರಂ ಗಡಿಯಾರ ತಂದರು. ಅಣ್ಣನ ಹಳೆಯ ಇಂಗ್ಲಿಷ್-ಕನ್ನಡ ನಿಘಂಟು ಅಟ್ಟದಿಂದ ಇಳಿದು ಬಂತು. ಲಾಗ್ ಟೇಬಲ್ ಪುಸ್ತಕ ಮೇಜಿಗೆ ಬಂತು. ಗೆಳತಿಯರು ವಾಟ್ಸಾಪಿನಲ್ಲಿ ಕಳಿಸುವ ನೋಟ್ಸನ್ನು ಹುಡುಗಿ ಕಾಲೇಜಿನಿಂದ ಬರುವಾಗಲೇ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬರತೊಡಗಿದಳು.

ಇನ್ನೊಂದು ಸಣ್ಣ ಪುಸ್ತಕ ಬೇಕಾಯಿತು. ಓದುತ್ತಿರುವಾಗ ಥಟ್ಟನೆ ಏನೇನೋ ನೆನಪಾಗುತ್ತದೆ. ನಾಳೆ ಪ್ರಾಕ್ಟಿಕಲ್ ಇದೆಯೇ ಎಂದು ಗೆಳತಿಯನ್ನು ಕೇಳಬೇಕು, ಈ ಸೂತ್ರದ ವಿವರಣೆಯನ್ನು ಯೂಟ್ಯೂಬಿನಲ್ಲಿ ನೋಡಬೇಕು ಎಂದೆಲ್ಲ. ಅದನ್ನು ಆಗಲೇ ಮಾಡದೆ ಆ ಪುಸ್ತಕದಲ್ಲಿ ಬರೆದಿಡುವುದು, ರಾತ್ರಿ ಮೊಬೈಲ್ ಕೈಗೆ ಬಂದಾಗ ಎಲ್ಲವನ್ನೂ ಒಟ್ಟಿಗೆ ಮುಗಿಸುವುದು. ಬರೆದಿಟ್ಟರೆ ಮರೆತುಹೋಗುವ ಭಯವಿಲ್ಲ. ಬರೆದವುಗಳಲ್ಲಿ ಅರ್ಧದಷ್ಟು ರಾತ್ರಿಯ ಹೊತ್ತಿಗೆ ಬೇಡವೇ ಆಗಿರುತ್ತಿದ್ದವು ಎಂದು ಅವಳೇ ಆಮೇಲೆ ಹೇಳಿದಳು.

ಇದಾದ ಮೇಲೆ ಮೊಬೈಲಿನ ಜಾಗ. ಮೊದಲು ಅದನ್ನು ಅದೇ ಕೋಣೆಯ ಬೀರುವಿನ ಮೇಲಿಟ್ಟರು. ಅದು ಸಾಲಲಿಲ್ಲ, ಕುರ್ಚಿಯಿಂದ ಎದ್ದು ಕೈ ಚಾಚಿದರೆ ಸಿಗುತ್ತಿತ್ತು. ಆಮೇಲೆ ನಡುಮನೆ ದಾಟಿ ಅಜ್ಜಿಯ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಇಡುವುದೆಂದಾಯಿತು. ಅಲ್ಲಿಗೆ ಹೋಗಬೇಕಾದರೆ ಎದ್ದು, ಬಾಗಿಲು ತೆರೆದು, ಇಪ್ಪತ್ತು ಹೆಜ್ಜೆ ನಡೆದು, ಅಜ್ಜಿಯ ಎದುರಿಗೆ ನಿಲ್ಲಬೇಕು. ಅಜ್ಜಿ ಏನೂ ಅನ್ನುವುದಿಲ್ಲ. ಆದರೆ "ಸುಮ್ನೆ" ಎಂಬ ಕಾರಣಕ್ಕೆ ಯಾರೂ ಇಪ್ಪತ್ತು ಹೆಜ್ಜೆ ನಡೆಯುವುದಿಲ್ಲ. ಕೈ ತಾನಾಗಿ ಮಾಡುತ್ತಿದ್ದುದನ್ನು ಕಾಲಿಗೆ ಒಪ್ಪಿಸಿದರೆ ನಡುವೆ ಯೋಚಿಸಲು ಸಮಯ ಸಿಗುತ್ತದೆ, ಅಷ್ಟೇ ನಮಗೆ ಬೇಕಾದದ್ದು.

ತುರ್ತು ಕರೆ ಬಂದರೆ ಎಂಬ ಆತಂಕ ತಾಯಿಗಿತ್ತು. ಕರೆಯ ಸದ್ದನ್ನು ಜೋರಾಗಿಯೇ ಇಟ್ಟು, ಸಂದೇಶಗಳ ಸದ್ದನ್ನು ಮಾತ್ರ ನಿಲ್ಲಿಸಿದರು. ಬಹುತೇಕ ಫೋನುಗಳಲ್ಲಿ Do Not Disturb ಎಂಬ ಸೌಲಭ್ಯವಿದೆ. ಅದರಲ್ಲಿ ಮನೆಯವರ ಕರೆಗಳಿಗೆ ಮಾತ್ರ ಅನುಮತಿ ಕೊಡಬಹುದು. ಕರೆ ಬಂದರೆ ಅಜ್ಜಿ ಎತ್ತಿ ಮಾತನಾಡುತ್ತಾರೆ, ಮುಖ್ಯವಾದದ್ದಾದರೆ ಕೂಗುತ್ತಾರೆ.

ಎಡವಿದ್ದು ಎಲ್ಲಿ?

ಮೊದಲ ವಾರ ಎಲ್ಲವೂ ಸುಗಮವಾಗಿ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಮೂರನೆಯ ದಿನವೇ ಜಗಳವಾಯಿತು. ಅಜ್ಜಿಯ ಕೋಣೆಯಲ್ಲಿದ್ದ ಮೊಬೈಲನ್ನು ತಾಯಿ ಎತ್ತಿಕೊಂಡು ಮಗಳ ಸಂದೇಶಗಳನ್ನು ಓದಿದ್ದರು. ಅವರ ಕಾಳಜಿ ಅರ್ಥವಾಗುವಂಥದ್ದೇ. ಆದರೆ ಮರುದಿನದಿಂದ ಹುಡುಗಿ ಮೊಬೈಲನ್ನು ಒಪ್ಪಿಸಲೇ ಇಲ್ಲ. ಇಟ್ಟುಕೊಂಡವರು ತೆರೆದು ನೋಡುವುದಿಲ್ಲ ಎಂಬ ನಂಬಿಕೆ ಇಲ್ಲದಿದ್ದರೆ ಈ ಏರ್ಪಾಡು ನಿಲ್ಲುವುದಿಲ್ಲ. ಮಕ್ಕಳ ಮೊಬೈಲಿನಲ್ಲಿ ಏನಿದೆ ಎಂದು ತಿಳಿಯಬೇಕಾದ ಸಂದರ್ಭ ಬೇರೆ, ಅದನ್ನು ಬೇರೆಯಾಗಿ ಕೂತು ಮಾತನಾಡಿ. ಓದಿನ ಏರ್ಪಾಡಿನೊಳಗೆ ಪತ್ತೇದಾರಿಕೆಯನ್ನು ಸೇರಿಸಬೇಡಿ.

ಎರಡನೆಯದು ಬಿಡುವಿನ ಹೊತ್ತು. ಎಂಟೂವರೆಗೆ ಹತ್ತು ನಿಮಿಷ ಮೊಬೈಲ್ ನೋಡಬಹುದು ಎಂದು ಮೊದಲು ಒಪ್ಪಿಕೊಂಡಿದ್ದರು. ಹತ್ತು ನಿಮಿಷ ನಲವತ್ತಾಗುತ್ತಿತ್ತು. ಒಂದಾದ ಮೇಲೊಂದು ತಾನಾಗಿ ಬರುವ ರೀಲುಗಳಿಗೆ ಕೊನೆಯೆಂಬುದಿಲ್ಲ, ಆದ್ದರಿಂದ ನಿಲ್ಲಿಸುವ ಜಾಗವೂ ಸಿಗುವುದಿಲ್ಲ. ಆಮೇಲೆ ನಡುವಿನ ಬಿಡುವಿಗೆ ಮೊಬೈಲ್ ಬೇಡವೆಂದರು. ಎದ್ದು ನೀರು ಕುಡಿಯುವುದು, ಅಂಗಳದಲ್ಲಿ ನಾಲ್ಕು ಸುತ್ತು, ಅಜ್ಜಿಯ ಜೊತೆ ಎರಡು ಮಾತು. ಮೊಬೈಲ್ ಕೈಗೆ ಬರುವುದು ಓದು ಮುಗಿದ ಮೇಲೆ, ನಡುಮನೆಯಲ್ಲಿ ಕೂತು ಅರ್ಧ ಗಂಟೆ. ಆಮೇಲೆ ಅದು ಅಜ್ಜಿಯ ಕೋಣೆಗೇ ಹಿಂದಿರುಗುತ್ತದೆ, ಹಾಸಿಗೆಗೆ ಬರುವುದಿಲ್ಲ. ಅಲಾರಂ ಗಡಿಯಾರ ತಂದದ್ದು ಇಲ್ಲಿ ಉಪಯೋಗಕ್ಕೆ ಬಂತು. ಬೆಳಿಗ್ಗೆ ಏಳಲು ಬೇಕು ಎಂಬ ನೆಪದಲ್ಲಿಯೇ ಎಷ್ಟೋ ಮನೆಗಳಲ್ಲಿ ಮೊಬೈಲ್ ದಿಂಬಿನ ಕೆಳಗೆ ಮಲಗುತ್ತದೆ.

ಮೂರನೆಯದು ಮನೆಯ ಉಳಿದವರು. ಅಣ್ಣ ನಡುಮನೆಯಲ್ಲಿ ಜೋರಾಗಿ ರೀಲ್ ನೋಡುತ್ತಿದ್ದರೆ ತಂಗಿಯ ಕೋಣೆಗೆ ಆ ಸದ್ದೇ ಆಮಂತ್ರಣ. ಅವನು ಒಂದೋ ಇಯರ್‌ಫೋನ್ ಹಾಕಿಕೊಳ್ಳಬೇಕು, ಇಲ್ಲವೇ ಹೊರಗೆ ಹೋಗಬೇಕು ಎಂದು ತಂದೆ ತೀರ್ಮಾನ ಕೊಟ್ಟರು. ತಾವೂ ಆ ಹೊತ್ತಿನಲ್ಲಿ ಮೊಬೈಲ್ ಕೆಳಗಿಟ್ಟರು.

ಮೂರು ವಾರದ ನಂತರ ಮತ್ತೆ ಮೂರು ದಿನ ಗೀಟು ಹಾಕಲು ಹೇಳಿದೆ. ಈಗ ಗೀಟು ಎಂದರೆ ಎದ್ದು ಅಜ್ಜಿಯ ಕೋಣೆಗೆ ಹೋದದ್ದು. 3, 5, 2. ತಲೆನೋವು ಪೂರ್ತಿ ಹೋಗಿರಲಿಲ್ಲ, ವಾರಕ್ಕೊಮ್ಮೆ ಬರುತ್ತಿತ್ತು. ನಿದ್ದೆ ಬೇಗ ಬರುತ್ತಿತ್ತು. ಹುಡುಗಿ ತರಗತಿಗೆ ಮೊದಲಿಗಳಾಗಲಿಲ್ಲ. ಮೊದಲು ಹತ್ತೂವರೆಯಾದರೂ ಮುಗಿಯದಿದ್ದ ಅಷ್ಟೇ ಪಾಠ ಈಗ ಒಂಬತ್ತೂವರೆಗೆ ಮುಗಿಯುತ್ತಿದೆ ಎಂದಳು. ನನಗೆ ಅದು ಸಾಕೆನಿಸಿತು.

ಒಂದೇ ಕೋಣೆಯ ಮನೆಯಲ್ಲಿ?

ಅಜ್ಜಿಗೆ ಬೇರೆ ಕೋಣೆ ಇರುವ ಮನೆಯ ಕಥೆ ಹೇಳಿದಿರಿ, ಇರುವುದೇ ಒಂದು ಕೋಣೆಯಾದರೆ ಎಂದು ಓದುಗರು ಕೇಳಬಹುದು. ಕುಣಿಗಲ್ಲಿನ ಒಂದು ಕುಟುಂಬದ ಉದಾಹರಣೆ ಕೊಡುತ್ತೇನೆ. ತಂದೆಗೆ ಚಿಕ್ಕ ದಿನಸಿ ಅಂಗಡಿ, ಅದರ ಹಿಂದೆಯೇ ಮನೆ. ಮಗ ಎಸ್ಸೆಸ್ಸೆಲ್ಸಿ. ಮನೆಗೆಲ್ಲ ಒಂದೇ ಸ್ಮಾರ್ಟ್‌ಫೋನು. ಗಿರಾಕಿಗಳ ಹಣ ಬಂದದ್ದು ತಿಳಿಯುವುದೂ ಅದರಲ್ಲೇ, ಶಾಲೆಯ ಹೋಂವರ್ಕ್ ಬರುವುದೂ ಅದರಲ್ಲೇ. ಹುಡುಗ ಹೋಂವರ್ಕ್ ನೋಡುತ್ತೇನೆಂದು ಒಳಗೆ ಒಯ್ದರೆ ಫೋನು ಒಂದು ಗಂಟೆ ಹೊರಗೆ ಬರುತ್ತಿರಲಿಲ್ಲ.

ಅಲ್ಲಿ ದೂರ ಇರಲಿಲ್ಲ, ಬಾಗಿಲೂ ಇರಲಿಲ್ಲ. ಆದ್ದರಿಂದ ಜಾಗದ ಬದಲು ಹೊತ್ತನ್ನು ಬದಲಿಸಿದೆವು. ಸಂಜೆ ವ್ಯಾಪಾರದ ಸಮಯದಲ್ಲಿ ಫೋನು ಗಲ್ಲಾಪೆಟ್ಟಿಗೆಯ ಪಕ್ಕ ತಂದೆಯ ಬಳಿ ಇರಲೇಬೇಕು. ಓದುವ ಹೊತ್ತೂ ಅದೇ ಆಯಿತು. ಹುಡುಗ ಶಾಲೆಯಿಂದ ಬಂದ ಕೂಡಲೇ, ಅಂಗಡಿಯ ಮುಂದೆ ನಿಂತೇ, ಹೋಂವರ್ಕನ್ನು ಕೈಬರಹದಲ್ಲಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾನೆ. ಹತ್ತು ನಿಮಿಷದ ಕೆಲಸ. ಆಮೇಲೆ ಅವನಿಗೆ ಫೋನಿನ ಅಗತ್ಯವಿಲ್ಲ. ರಾತ್ರಿ ಮಲಗುವಾಗ ತಂದೆ ಫೋನನ್ನು ಪೂರ್ತಿ ಆರಿಸುತ್ತಾರೆ, ಬೆಳಿಗ್ಗೆ ಅಂಗಡಿ ತೆರೆಯುವ 7 ಗಂಟೆಗೆ ಹೊತ್ತಿಸುತ್ತಾರೆ. ಐದರಿಂದ ಏಳರವರೆಗೆ ಹುಡುಗನಿಗೆ ಎರಡು ಗಂಟೆ ಯಾವ ಸದ್ದೂ ಇಲ್ಲದ ಹೊತ್ತು. ಗೋಡೆಗೆ ಮುಖ ಮಾಡಿ, ಅಂಗಡಿಗೆ ಬೆನ್ನು ಮಾಡಿ ಕೂರುವಂತೆ ಚಾಪೆ ತಿರುಗಿಸಿದ್ದೂ ಸಹಾಯವಾಯಿತು. ಇದಕ್ಕೆಲ್ಲ ಆದ ಖರ್ಚು ಒಂದು ಅಲಾರಂ ಗಡಿಯಾರದ್ದು.

ಊರಿಗೆ ಊರೇ ಮಾಡಿದ್ದು

ಒಂದು ಮನೆ ಮಾಡಬಹುದಾದದ್ದನ್ನು ಇಡೀ ಊರು ಮಾಡಿದ ನಿದರ್ಶನವೂ ನಮ್ಮ ಕಣ್ಣೆದುರಿಗಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಲ್ಲಿ ದಿನವೂ ಸಂಜೆ 7 ಗಂಟೆಗೆ ಸೈರನ್ ಮೊಳಗಿಸುವ ಪದ್ಧತಿ ಶುರುವಾಯಿತು. ಸೈರನ್ ಆದ ಮೇಲೆ ಒಂದೂವರೆ ಗಂಟೆ ಟಿ.ವಿ., ಮೊಬೈಲ್ ಎಲ್ಲವೂ ಬಂದ್, ಮಕ್ಕಳು ಓದಿಗೆ. ನಮ್ಮ ರಾಜ್ಯದಲ್ಲಿ ಬೆಳಗಾವಿ ಪಕ್ಕದ ಹಲಗಾ ಗ್ರಾಮದವರು ಇಂಥದ್ದೇ ಪದ್ಧತಿಯನ್ನು ಸಂಜೆ 7ರಿಂದ 9ರವರೆಗೆ ಎಂದು ಆರಂಭಿಸಿದರು.

ಇದರಲ್ಲಿ ನನಗೆ ಮೆಚ್ಚಿಗೆಯಾಗುವುದು ಸೈರನ್ ಅಲ್ಲ. ಆ ಹೊತ್ತಿನಲ್ಲಿ ದೊಡ್ಡವರೂ ಮೊಬೈಲ್ ಬಿಡಬೇಕೆಂಬುದು. ಗೆಳೆಯರೆಲ್ಲ ಒಟ್ಟಿಗೆ ಬಿಟ್ಟಾಗ, ಗುಂಪಿನಲ್ಲಿ ಏನೋ ನಡೆಯುತ್ತಿದೆ, ನಾನು ತಪ್ಪಿಸಿಕೊಳ್ಳುತ್ತಿದ್ದೇನೆ ಎಂಬ ಚಡಪಡಿಕೆ ಮಕ್ಕಳಿಗೆ ಉಳಿಯುವುದಿಲ್ಲ. ತುಮಕೂರಿನ ಬಡಾವಣೆಗಳಲ್ಲಿ ಸೈರನ್ ಹಾಕಲಾಗದು. ಆದರೆ ಒಂದೇ ತರಗತಿಯ ನಾಲ್ಕು ಮಕ್ಕಳ ತಾಯ್ತಂದೆಯರು ಮಾತಾಡಿಕೊಂಡು ನಾಲ್ಕೂ ಮನೆಯಲ್ಲಿ ಒಂದೇ ಹೊತ್ತನ್ನು ಗೊತ್ತುಮಾಡಿಕೊಳ್ಳಬಹುದು. ಸಂಜೆ ಏಳರ ನಂತರ ತರಗತಿಯ ಗುಂಪಿಗೆ ಏನನ್ನೂ ಕಳಿಸದಿರುವಂತೆ ಉಪಾಧ್ಯಾಯರನ್ನೂ ಕೇಳಿಕೊಳ್ಳಬಹುದು.

ಎರಡು ಆಕ್ಷೇಪಗಳು

ಪಾಠವೇ ಮೊಬೈಲಿನಲ್ಲಿದ್ದರೆ ಏನು ಮಾಡುವುದು ಎಂಬುದು ಮೊದಲನೆಯ ಪ್ರಶ್ನೆ. ಆಗ ವೀಡಿಯೊ ನೋಡುವ ಹೊತ್ತನ್ನೂ ಪುಸ್ತಕ ಓದುವ ಹೊತ್ತನ್ನೂ ಬೇರೆ ಮಾಡಿ. ಸಾಧ್ಯವಿದ್ದರೆ ಪಾಠವನ್ನು ಮೊದಲೇ ಇಳಿಸಿಕೊಂಡು, ಇಂಟರ್‌ನೆಟ್ ಸಂಪರ್ಕ ತೆಗೆದು, ಮನೆಯವರು ಓಡಾಡುವ ನಡುಮನೆಯಲ್ಲಿ ಕೂತು ನೋಡಲಿ. ಮುಗಿದ ಮೇಲೆ ಮೊಬೈಲ್ ತನ್ನ ಜಾಗಕ್ಕೆ ಹೋಗಲಿ, ಮಗು ತನ್ನ ಮೇಜಿಗೆ ಬರಲಿ. ಆ್ಯಪುಗಳಿಗೆ ಸಮಯದ ಮಿತಿ ಹಾಕುವ Digital Wellbeing ಮುಂತಾದ ಸೌಲಭ್ಯಗಳು ಫೋನಿನಲ್ಲೇ ಇವೆ. ಅವು ಸ್ವಲ್ಪ ಸಹಾಯ ಮಾಡುತ್ತವೆ. ಆದರೆ ಮಿತಿ ಹಾಕಿದ ಬೆರಳೇ ಅದನ್ನು ತೆಗೆಯಲೂಬಲ್ಲದು. ಅವುಗಳನ್ನೇ ನಂಬಿ ಮೊಬೈಲನ್ನು ಮೇಜಿನ ಮೇಲೆ ಬಿಡಬೇಡಿ.

ಹೀಗೆ ಮಾಡಿದರೆ ಮಕ್ಕಳಲ್ಲಿ ಮನೋಬಲ ಬೆಳೆಯುವುದೆಂದು, ನಾಳೆ ಹಾಸ್ಟೆಲಿಗೆ ಹೋದರೆ ಅಜ್ಜಿ ಬರುತ್ತಾರೆಯೇ ಎಂಬುದು ಎರಡನೆಯ ಪ್ರಶ್ನೆ. ಅಜ್ಜಿ ಬರುವುದಿಲ್ಲ, ನಿಜ. ಆದರೆ ತನ್ನ ಕೈ ಯಾವಾಗ ಮೊಬೈಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಿ ತಿಳಿದುಕೊಂಡ ಹುಡುಗಿ ಹಾಸ್ಟೆಲಿನಲ್ಲಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಲೈಬ್ರರಿಗೆ ಹೋಗಬಲ್ಲಳು. ಬರೀ ಬೈಗುಳ ಕೇಳಿದವಳಿಗೆ ತಾನು ದುರ್ಬಲಳೆಂಬುದು ಮಾತ್ರ ಗೊತ್ತಿರುತ್ತದೆ. ಅದಕ್ಕಾಗಿಯೇ ಈ ಏರ್ಪಾಡನ್ನು ಮಗುವನ್ನು ಕೂರಿಸಿಕೊಂಡು, ಅದರ ಹಾಳೆಯನ್ನು ನೋಡಿ ಮಾಡಬೇಕು, ಶಿಕ್ಷೆಯಂತೆ ಹೇರಬಾರದು. ಮೊಬೈಲ್ ಎಲ್ಲಿಡಬೇಕು ಎಂಬುದನ್ನು ಗುಬ್ಬಿಯ ಹುಡುಗಿಯೇ ಆರಿಸಿದ್ದಳು.

ವೈದ್ಯರ ಬಳಿಗೆ ಯಾವಾಗ?

ಜಾಗ ಬದಲಿಸಿದರೆ ಎಲ್ಲವೂ ಸರಿಹೋಗುವುದಿಲ್ಲ. ಮೊಬೈಲ್ ದೂರವಿದ್ದರೂ ಮಗು ಪುಸ್ತಕದ ಮುಂದೆ ಸುಮ್ಮನೆ ಕೂತಿದ್ದರೆ, ತೊಂದರೆ ಪಾಠದಲ್ಲಿರಬಹುದು. ಹಿಂದಿನ ತರಗತಿಯ ಗಣಿತವೇ ಅರ್ಥವಾಗಿರದೆ ಇರಬಹುದು. ಅದಕ್ಕೆ ಬೇಕಾದವರು ಉಪಾಧ್ಯಾಯರು. ಎರಡು ವಾರಕ್ಕೂ ಮೀರಿ ಮಗು ಮಂಕಾಗಿದ್ದರೆ, ಊಟ ನಿದ್ದೆ ಕೆಟ್ಟರೆ, ಗೆಳೆಯರನ್ನೂ ಆಟವನ್ನೂ ಬಿಟ್ಟರೆ, ಮೊಬೈಲ್ ತೆಗೆದಿಟ್ಟಾಗ ಹೊಡೆದಾಟಕ್ಕೆ ಬಂದರೆ ಅಥವಾ ಸಾಯುವ ಮಾತಾಡಿದರೆ ಗಡಿಯಾರ, ನಿಘಂಟುಗಳಿಂದ ಪ್ರಯೋಜನವಿಲ್ಲ. ತಡ ಮಾಡದೆ ವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದ ಮಗುವನ್ನು ಅಂದೇ ಕರೆತನ್ನಿ, ಒಂಟಿಯಾಗಿ ಬಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗೆಂದೇ 2014ರಲ್ಲಿ 'ಶಟ್' ಕ್ಲಿನಿಕ್ ಆರಂಭವಾಗಿದೆ. 14416 ಸಂಖ್ಯೆಗೆ ಕರೆ ಮಾಡಿದರೆ ಸರ್ಕಾರದ ಟೆಲಿ-ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಸಲಹೆ ಸಿಗುತ್ತದೆ, ಶುಲ್ಕವಿಲ್ಲ.

ಉಳಿದ ಮನೆಗಳವರು ಇವತ್ತು ರಾತ್ರಿ ಒಂದು ಹಾಳೆ ಮತ್ತು ಪೆನ್ನಿನಿಂದ ಆರಂಭಿಸಲಿ. ಮೂರು ದಿನ ಗೀಟು ಹಾಕಲಿ, ಕಾರಣ ಬರೆಯಲಿ. ತಾಯ್ತಂದೆಯರೂ ತಮಗಾಗಿ ಒಂದು ಹಾಳೆ ಇಟ್ಟುಕೊಂಡರೆ ಒಳ್ಳೆಯದು. ಗುಬ್ಬಿಯ ಆ ತಾಯಿ ಹಾಗೆ ಮಾಡಿದ್ದರು. ಅವರ ಹಾಳೆಯಲ್ಲಿ ಎಷ್ಟು ಗೀಟುಗಳಿದ್ದವೆಂದು ನಾನು ಕೇಳಲಿಲ್ಲ. ಮಗಳಿಗೆ ಮಾತ್ರ ತೋರಿಸಿದರಂತೆ. ಅಂದಿನಿಂದ ಮನೆಯಲ್ಲಿ "ಮನಸ್ಸು ಗಟ್ಟಿ ಇಲ್ಲ" ಎಂಬ ಮಾತು ಬಂದಿಲ್ಲವಂತೆ.